ಬೆಡ್‌ಶೀಟ್ ವಾಪಸ್ ಬರಲಿಲ್ಲ: ಮಕೋಂದೊದಲ್ಲಿ ನಡೆದದ್ದು ಯಾವುದು, ಸಂಕೇತ ಯಾವುದು

(ಚಿಕ್ಕಮಗಳೂರಲ್ಲಿ ಒಂದು ಭಾನುವಾರ ಓದುಗರ ಮುಂದೆ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು, ಸ್ವಾಗತ ವಂದನೆ ಬಿಟ್ಟಿದೀನಿ.)

ಮಾರ್ಕ್ವೆಜ್‌ದು ‘ನೂರು ವರ್ಷದ ಏಕಾಂತ’ ಕಾದಂಬರಿ ಓದಿದವರಿಗೆ ಮೊದಲು ಒಂದು ಪ್ರಶ್ನೆ ಕೇಳ್ತೀನಿ. ಆ ಊರಲ್ಲಿ, ಮಕೋಂದೊದಲ್ಲಿ, ಒಂದು ಮಳೆ ಹಿಡ್ಕೊಳ್ಳುತ್ತಲ್ಲ, 4 ವರ್ಷ 11 ತಿಂಗಳು 2 ದಿನ ಬಿಡದೇ ಹೊಡೆಯೋದು, ಆ ಮಳೇಲಿ ಮೀನುಗಳು ಬಾಗಿಲಿಂದ ಮನೆ ಒಳಗೆ ಬಂದು ಗಾಳೀಲೇ ಈಜಿ ಕಿಟಕಿಯಿಂದ ಆಚೆ ಹೋಗ್ತವಾ ಇಲ್ವಾ? ಹೋಗ್ತವೆ ಅನ್ನೋರು ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಕೈ ಮೇಲಿದೆ. ಹೋಗಲ್ಲ. ಗಾಳಿ ಎಷ್ಟು ತೇವ ಆಗಿತ್ತು ಅಂದ್ರೆ ಮೀನು ಬೇಕಾದ್ರೆ ಹಾಗೆ ಈಜಿ ಹೋಗಬಹುದಾಗಿತ್ತು ಅಂತ ಅಷ್ಟೇ ಪುಸ್ತಕದಲ್ಲಿ ಇರೋದು. ಒಂದೇ ಒಂದು ಮೀನೂ ಬರಲ್ಲ. ನಾವು ಓದೋವಾಗ, ಹೇಗೂ ಅಸಾಧ್ಯದ್ದನ್ನೂ ಮಾಮೂಲಿ ಅನ್ನೋ ಹಾಗೆ ಹೇಳೋ ಮಾಂತ್ರಿಕ ವಾಸ್ತವ ಅಲ್ವಾ ಅಂದ್ಕೊಂಡು ಮೀನನ್ನ ನಾವೇ ಒಳಗೆ ಬಿಟ್ಕೊಂಡ್ವಿ.

ಅದೇ ಮಳೇಲಿ ಇನ್ನೊಂದು ಇದೆ, ಅದನ್ನ ಜನ ಮರೆತುಬಿಡ್ತಾರೆ, ನಮ್ಮ ಕಡೆಯವರು ಮಾತ್ರ ಮರೆಯಬಾರದು. ಒಂದು ಬೆಳಿಗ್ಗೆ ಕಥೆ ನಡೆಯೋ ಬುಯೆಂದಿಯಾ ಮನೆಯ ಮುದುಕಿ ಉರ್ಸುಲಾ ಎದ್ದಾಗ ಜೀವ ಹೋಗೋ ಹಾಗೆ ಸುಸ್ತು, ಏನಪ್ಪಾ ಅಂತ ನೋಡಿದ್ರೆ ಬೆನ್ನು ತುಂಬ ಜಿಗಣೆ, ಕಲ್ಲು ಹಾಸಿದ ಹಾಗೆ ಒತ್ತಾಗಿ ಹತ್ಕೊಂಡಿವೆ. ಸಾಂತಾ ಸೋಫಿಯಾ ಅನ್ನೋಳು ಕೊಳ್ಳಿ ತಗೊಂಡು ಒಂದೊಂದನ್ನೇ ಸುಟ್ಟು ಕೀಳ್ತಾಳೆ, ಇಲ್ಲಾಂದ್ರೆ ರಕ್ತ ಹೋಗಿ ಸತ್ತೇ ಹೋಗ್ತಿದ್ಲು. ಇದು ನಡೆದದ್ದು. ಕುದುರೆಮುಖದ ಕಡೆ ಜುಲೈಲಿ ಕಾಡು ಹೊಕ್ಕು ಬಂದೋರಿಗೆ ಇದರಲ್ಲಿ ಮ್ಯಾಜಿಕ್ಕೇ ಕಾಣಲ್ಲ, ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಬಹುದು ಅಷ್ಟೇ. ಒಂದೇ ಮಳೆ, ಒಂದೇ ಅಧ್ಯಾಯ. ಮೀನು ಮಾತಿನ ಅಲಂಕಾರ, ಜಿಗಣೆ ನಿಜ. ಎರಡೂ ಒಂದೇ ಗಂಟಲಲ್ಲಿ ಬರುತ್ತೆ, ಧ್ವನಿ ಎಲ್ಲೂ ಏರಲ್ಲ ಇಳಿಯಲ್ಲ, ಅದಕ್ಕೇ ಓದುಗರು ಗೊಂದಲ ಮಾಡ್ಕೊಳ್ಳೋದು.

ಹಾಗಾಗಿ ಇವತ್ತು ನಾನು ಮಾತಾಡೋದು ಇಷ್ಟೇ ಇಷ್ಟು. ಇಂಥ ಕಾದಂಬರೀಲಿ ಒಂದು ಘಟನೆ ಆ ಲೋಕದ ಒಳಗೆ ಅಕ್ಷರಶಃ ನಡೀತಾ, ಇಲ್ಲ ಬರೀ ಹೋಲಿಕೆನಾ, ಸಂಕೇತನಾ ಅಂತ ಹೇಗೆ ಪತ್ತೆ ಮಾಡೋದು. ಹೀಗೆಲ್ಲಾದ್ರೂ ಆಗಕ್ಕೆ ಸಾಧ್ಯನಾ ಅಂತ ಕೇಳಿದ್ರೆ ಏನೂ ಪ್ರಯೋಜನ ಇಲ್ಲ, ಯಾಕಂದ್ರೆ ಆ ಊರಲ್ಲಿ ಸಾಧ್ಯ ಅಸಾಧ್ಯದ ಗೆರೆ ನಮ್ಮ ಜಾಗದಲ್ಲಿಲ್ಲ. ನಾನು ಕೇಳೋದು ಬೇರೆ: ಆದ್ಮೇಲೆ ಏನು ಉಳೀತು? ಏನು ಕಾಣೆಯಾಯ್ತು, ಯಾರು ಗುಡಿಸಬೇಕಾಯ್ತು, ಯಾರಿಗೆ ನಷ್ಟ ಆಯ್ತು?

ರೆಮಿಡಿಯೋಸ್ ಕಥೆ ತಗೊಳ್ಳಿ. ಊರಲ್ಲೇ ಚೆಲುವೆ, ಗಂಡಸರು ಅವಳಿಗಾಗಿ ಪ್ರಾಣ ಬಿಡ್ತಾರೆ, ಅವಳಿಗೆ ಅದ್ಯಾವುದರ ಪರಿವೆಯೇ ಇಲ್ಲ. ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಮನೆ ಹೆಂಗಸರು ತೋಟದಲ್ಲಿ ಬೆಡ್‌ಶೀಟ್ ಮಡಿಸ್ತಿರ್ತಾರೆ. ಮನೆ ಸೊಸೆ ಫೆರ್ನಾಂಡಾಳ ಶೀಟುಗಳು ಅವು, ಒಳ್ಳೆ ಬಟ್ಟೆದು, ಅವಳಿಗೋ ತನ್ನ ತವರಿನ ಅಂತಸ್ತಿನ ಬಗ್ಗೆ ವಿಪರೀತ ಹೆಮ್ಮೆ. ರೆಮಿಡಿಯೋಸ್ ಮುಖ ಬಿಳಿಚಿಕೊಂಡಿದೆ ಅಂತ ಉರ್ಸುಲಾ ಮಗಳು ಅಮರಾಂತಾ ಹುಷಾರಿಲ್ವಾ ಅಂತ ಕೇಳ್ತಾಳೆ, ಅವಳು ಇಲ್ಲ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಅಂತಾಳೆ. ಅಷ್ಟರಲ್ಲಿ ಬೆಳಕಿನ ಹಾಗೆ ಒಂದು ಗಾಳಿ ಬಂದು ಫೆರ್ನಾಂಡಾ ಕೈಲಿದ್ದ ಶೀಟನ್ನ ಎಳ್ಕೊಳ್ಳುತ್ತೆ, ಅಮರಾಂತಾಗೆ ತನ್ನ ಲಂಗದ ಲೇಸು ನಡುಗಿದ್ದು ಗೊತ್ತಾಗುತ್ತೆ, ಹುಡುಗಿ ಮೇಲಕ್ಕೆ ಏಳ್ತಾಳೆ. ಆ ಹೊತ್ತಿಗೆ ಕಣ್ಣು ಹೆಚ್ಚುಕಮ್ಮಿ ಹೋಗೇಬಿಟ್ಟಿದ್ದ ಉರ್ಸುಲಾ ಒಬ್ಬಳಿಗೆ ಮಾತ್ರ ಆ ಗಾಳಿ ಎಂಥದ್ದು ಅಂತ ತಿಳಿಯುತ್ತೆ, ಅವಳು ಶೀಟು ಬಿಟ್ಟುಬಿಡ್ತಾಳೆ. ರೆಮಿಡಿಯೋಸ್ ಕೈ ಬೀಸ್ತಾ ಶೀಟುಗಳ ಜೊತೆ ಹೊರಟೇ ಹೋಗ್ತಾಳೆ.

ಇಲ್ಲಿ ಕಾಲೇಜ್ ಮಕ್ಕಳು, ಮೇಷ್ಟ್ರುಗಳು ಕೂಡ, ತಕ್ಷಣ ಹೇಳೋದು ಏನು ಗೊತ್ತಾ, “ಸಾರ್, ಅವಳು ಯಾರ ಜೊತೆಗೋ ಓಡಿಹೋದ್ಲು ಅಂತ ಅರ್ಥ, ಅದನ್ನ ಸಾಂಕೇತಿಕವಾಗಿ ಹೇಳಿದಾರೆ.” ಈ ಬುದ್ಧಿವಂತಿಕೆ ಮಾರ್ಕ್ವೆಜ್‌ಗೆ ಹೊಳೆದಿರಲಿಲ್ಲ ಅಂದ್ಕೊಂಡ್ರಾ? ಅವನೇ ಇದನ್ನ ಪುಸ್ತಕದಲ್ಲಿ ಬರೆದಿಟ್ಟಿದಾನೆ! ಹುಡುಗಿ ಕೊನೆಗೂ ಎಡವಿದ್ಲು, ಮನೆಯವರು ಮಾನ ಉಳಿಸ್ಕೊಳ್ಳೋಕೆ ಹಾರಿಹೋದ್ಲು ಅಂತ ಕಥೆ ಕಟ್ಟಿದಾರೆ ಅಂತ ಕೆಲವರು ಅಂದ್ಕೊಂಡ್ರು ಅಂತ ಬರುತ್ತೆ. ಯಾರು ಹಾಗಂದ್ಕೊಂಡಿದ್ದು? ಹೊರಗಿನವರು, ಬಾಳೆ ಕಂಪನಿ ಹಿಂದೆ ಊರಿಗೆ ಬಂದು ಸೇರ್ಕೊಂಡವರು. ಊರಿನವರಲ್ಲಿ ಹೆಚ್ಚಿನವರು ನಂಬಿ ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡ್ತಾರೆ. ಅಂದ್ರೆ ನೀವು ಸಂಕೇತ ಅಂತ ಹೇಳಿದ ತಕ್ಷಣ ಆ ಹೊರಗಿನವರ ಸಾಲಲ್ಲಿ ಹೋಗಿ ನಿಂತ ಹಾಗಾಯ್ತು, ಅದು ತಪ್ಪು ಅಂತಲ್ಲ, ಆದ್ರೆ ಎಲ್ಲಿ ನಿಂತಿದೀರಿ ಅಂತ ಗೊತ್ತಿರಲಿ.

ಈ ಕಥೆ ಎಲ್ಲಿಂದ ಹುಟ್ಟಿತು ಅಂತನೂ ಅವನೇ ಸಂದರ್ಶನದಲ್ಲಿ ಹೇಳಿದಾನೆ. ಅವನ ಕಡೆ ಒಬ್ಬ ಹುಡುಗಿ ಓಡಿಹೋಗಿದ್ಲಂತೆ, ಅವಳ ಅಜ್ಜಿ ನಮ್ಮ ಮೊಮ್ಮಗಳು ಸ್ವರ್ಗಕ್ಕೆ ಹೋದ್ಲು ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ಲಂತೆ. ಅದನ್ನೇ ಬರೆಯಕ್ಕೆ ಹೋದ್ರೆ ಹುಡುಗಿ ಮೇಲಕ್ಕೇ ಏಳ್ತಿರಲಿಲ್ಲವಂತೆ ಇವನಿಗೆ. ಆಮೇಲೆ ಒಂದಿನ ಗಾಳಿ ಜೋರಾಗಿ ಬೀಸ್ತಿದ್ದಾಗ ಒಬ್ಬ ಹೆಂಗಸು ಬೆಡ್‌ಶೀಟ್ ಒಣಗಿಹಾಕೋಕೆ ಒದ್ದಾಡೋದು ನೋಡಿದ, ಶೀಟು ಸಿಕ್ತು, ಹುಡುಗಿ ಎದ್ದಳು. ನಿಜ ಜೀವನದಲ್ಲಿ ಓಡಿಹೋಗಿದ್ದೇ ಘಟನೆ, ಹಾರಿದ್ದು ಅಜ್ಜಿಯ ಮಾತು. ಕಾದಂಬರೀಲಿ ಅದನ್ನ ತಿರುಗಿಸಿಬಿಟ್ಟ, ಹಾರಿದ್ದೇ ಘಟನೆ, ಓಡಿಹೋಗಿದ್ದು ಹೊರಗಿನವರ ಗುಮಾನಿ. ಲೇಖಕನಿಗೆ ಎಲ್ಲಿಂದ ಸಿಕ್ತು ಅನ್ನೋದನ್ನೇ ಪುಸ್ತಕದಲ್ಲಿ ಏನಾಯ್ತು ಅನ್ನೋದಕ್ಕೆ ಸಾಕ್ಷಿ ಮಾಡ್ಕೊಂಡ್ರೆ ಕೆಟ್ವಿ.

ಪುಸ್ತಕದ ಒಳಗೇ ಸಾಕ್ಷಿ ಏನಿದೆ ಹಾಗಾದ್ರೆ? ಫೆರ್ನಾಂಡಾ. ಅವಳಿಗೆ ಹೊಟ್ಟೆ ಉರಿಯುತ್ತೆ, ಆದ್ರೂ ಪವಾಡ ಅಂತ ಒಪ್ಕೊಳ್ತಾಳೆ, ಒಪ್ಕೊಂಡು ತುಂಬಾ ದಿನ ದೇವರ ಹತ್ರ ಬೇಡ್ಕೊಳ್ತಾ ಇರ್ತಾಳೆ, ನನ್ನ ಬೆಡ್‌ಶೀಟ್ ವಾಪಸ್ ಕಳಿಸಪ್ಪಾ ಅಂತ. ನನಗೆ ಇಡೀ ಕಾದಂಬರೀಲಿ ಇಷ್ಟು ನಗು ಬರಿಸೋ ಜಾಗ ಕಮ್ಮಿ, ಜೊತೆಗೆ ಇಷ್ಟು ಗಟ್ಟಿ ಸಾಕ್ಷಿಯೂ ಕಮ್ಮಿ. ಹುಡುಗಿ ಓಡಿಹೋಗಿದ್ದಕ್ಕೋ ಸತ್ತಿದ್ದಕ್ಕೋ ಇದು ಸಂಕೇತ ಅಂತ ಓದಿದ್ರೆ ಶೀಟುಗಳು ಎಲ್ಲಿ ಹೋದ್ವು ಹೇಳಿ? ಮನೇಲಿ ಅವು ಇಲ್ಲ. ಸಂಕೇತಕ್ಕೆ ಬೆಡ್‌ಶೀಟ್ ಬೇಕಾಗಲ್ಲ.

ಇದೇ ಲೆಕ್ಕವನ್ನ ಹಳದಿ ಹೂವಿನ ಮೇಲೆ ಹಾಕಿ ನೋಡಿ. ಮನೆ ಹಿರಿಯ, ಉರ್ಸುಲಾ ಗಂಡ, ಊರು ಕಟ್ಟಿದ ಹೊಸೆ ಅರ್ಕಾದಿಯೊ ಬುಯೆಂದಿಯಾ ಸತ್ತಾಗ ರಾತ್ರಿಯೆಲ್ಲ ಆಕಾಶದಿಂದ ಸಣ್ಣ ಸಣ್ಣ ಹಳದಿ ಹೂ ಸುರಿಯುತ್ತೆ. ಪ್ರಕೃತಿಯೇ ದುಃಖ ಪಡ್ತು ಅಂತ ಬರೆದು ಮುಗಿಸೋದು ಸುಲಭ, ನಮ್ಮ ಪುರಾಣದಲ್ಲಿ ಪುಷ್ಪವೃಷ್ಟಿ ಬೇಕಾದಷ್ಟಿದೆ, ನಮಗೇನೂ ಹೊಸದಲ್ಲ. ಆದ್ರೆ ನಮ್ಮ ಪುಷ್ಪವೃಷ್ಟಿ ಆದ್ಮೇಲೆ ಕಸ ಗುಡಿಸಿದವರು ಯಾರು ಅಂತ ಯಾರೂ ಹೇಳಲ್ಲ ನೋಡಿ. ಇಲ್ಲಿ ಹೇಳ್ತಾನೆ. ಹೂ ಮಾಡಿನ ಮೇಲೆ ತುಂಬಿ, ಬಾಗಿಲಿಗೆ ಅಡ್ಡ ಬಿದ್ದು, ಹೊರಗೆ ಮಲಗಿದ್ದ ಪ್ರಾಣಿಗಳು ಉಸಿರು ಕಟ್ಟಿ ಸತ್ತವು, ಬೆಳಿಗ್ಗೆ ಹೆಣದ ಮೆರವಣಿಗೆ ಹೋಗಕ್ಕೆ ದಾರಿ ಬೇಕು ಅಂತ ಸಲಿಕೆ ಹಿಡಿದು ಎಳೆದು ಹಾಕಬೇಕಾಯ್ತು. ಸಲಿಕೆ ಬಂತು ಅಂದ್ರೆ ಹೂವೂ ನಿಜ. ಆಮೇಲೆ ದುಃಖ, ಗೌರವ ಏನು ಬೇಕೋ ಅರ್ಥ ಮಾಡ್ಕೊಳ್ಳಿ, ಹೂವಿನ ಮೇಲೆ ಆ ಅರ್ಥ ಕೂರುತ್ತೆ. ಹೂವನ್ನ ತೆಗೆದುಹಾಕಿ ಆ ಜಾಗದಲ್ಲಿ ಅರ್ಥ ಇಡಬೇಡಿ.

ಸರಿ, ಇಲ್ಲೀತನಕ ಸಲೀಸು. ಈಗ ಸ್ವಲ್ಪ ತಿರುವು ಬರುತ್ತೆ. ಆ ಹಿರಿಯನ ದೊಡ್ಡ ಮಗ, ಅವನ ಹೆಸರೂ ಹೊಸೆ ಅರ್ಕಾದಿಯೊನೇ (ಈ ಹೆಸರುಗಳ ಕಾಟ ಓದಿದವರಿಗೆ ಗೊತ್ತು), ಅವನ ಮನೇಲಿ ಒಂದು ಗುಂಡಿನ ಸದ್ದು ಕೇಳುತ್ತೆ. ಬಾಗಿಲ ಕೆಳಗಿಂದ ರಕ್ತದ ಒಂದು ಎಳೆ ಹೊರಟು, ಬೀದಿಗಿಳಿದು, ಮೆಟ್ಟಿಲು ಹತ್ತಿ ಇಳಿದು, ಟರ್ಕರ ಬೀದಿ ಹಿಡಿದು, ಬಲಕ್ಕೆ ತಿರುಗಿ ಎಡಕ್ಕೆ ತಿರುಗಿ, ಅಮ್ಮನ ಮನೆಗೆ ಬಂದು, ಒಳಗೆ ಕಾರ್ಪೆಟ್ಟಿಗೆ ಕಲೆ ಆಗಬಾರದು ಅಂತ ಗೋಡೆ ಪಕ್ಕ ಸರಿದು, ಬ್ರೆಡ್ಡಿಗೆ ಅಂತ 36 ಮೊಟ್ಟೆ ಒಡೆಯಕ್ಕೆ ಹೊರಟ ಉರ್ಸುಲಾ ಮುಂದೆ ಅಡುಗೆಮನೇಲಿ ಬಂದು ನಿಲ್ಲುತ್ತೆ. ಅವಳು ಅದೇ ಎಳೆ ಹಿಡ್ಕೊಂಡು ಹಿಂದಕ್ಕೆ ನಡೆದು ಹೋಗಿ ಮಗನ ಹೆಣ ನೋಡ್ತಾಳೆ. ಹೆಣ ಸಿಕ್ತು, ಅಂದ್ಮೇಲೆ ರಕ್ತ ನಡೆದದ್ದು ನಿಜ. ಆದ್ರೆ ಗಮನಿಸಿ, ರಕ್ತ ಹೋದ ಒಂದೊಂದು ತಿರುವೂ ನಮಗೆ ಗೊತ್ತು, ಗುಂಡು ಹೊಡೆದಿದ್ದು ಯಾರು ಅಂತ ಕೊನೇತನಕ ಗೊತ್ತಾಗಲ್ಲ. ಮಕೋಂದೊದಲ್ಲಿ ಬಗೆಹರಿಯದೇ ಉಳಿದ ರಹಸ್ಯ ಬಹುಶಃ ಇದೊಂದೇ ಅಂತಾನೆ. ಪವಾಡ ಸ್ಪಷ್ಟ, ಪೊಲೀಸ್ ಕೇಸು ಅಸ್ಪಷ್ಟ. ಈ ಉಲ್ಟಾ ಇದೆಯಲ್ಲ, ಇದನ್ನ ಹಿಡ್ಕೊಂಡೇ ಬಾಳೆ ಕಂಪನಿ ಅಧ್ಯಾಯಕ್ಕೆ ಬರಬೇಕು.

ಅಮೆರಿಕದ ಬಾಳೆ ಕಂಪನಿ ಊರಿಗೆ ಬಂದಿದೆ. ಕೂಲಿಯವರು ಸ್ಟ್ರೈಕ್ ಮಾಡ್ತಾರೆ. ಕೂಲಿಯನ್ನ ದುಡ್ಡಲ್ಲಿ ಕೊಡ್ತಿಲ್ಲ, ಚೀಟಿ ಕೊಡ್ತಾರೆ, ಅದು ಕಂಪನಿ ಅಂಗಡೀಲಿ ಮಾತ್ರ ನಡೆಯೋದು. ವಸತಿ ಸರಿಯಿಲ್ಲ, ಔಷಧಿ ಸರಿಯಿಲ್ಲ. ಕೇಸು ಕೋರ್ಟಿಗೆ ಹೋದ್ರೆ ಕಂಪನಿ ವಕೀಲರು ಏನಂತಾರೆ ಗೊತ್ತಾ, ಈ ಕಂಪನಿಗೆ ಕೆಲಸಗಾರರೇ ಇಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲ್ಲ, ಎಲ್ಲರೂ ತಾತ್ಕಾಲಿಕವಾಗಿ ಆಗಾಗ ಕರೆಸ್ಕೊಂಡವರು ಅಂತ. ಕೋರ್ಟು ಅದನ್ನ ಎತ್ತಿಹಿಡಿದು, ಕೆಲಸಗಾರರು ಅಸ್ತಿತ್ವದಲ್ಲೇ ಇಲ್ಲ ಅಂತ ತೀರ್ಪು ಕೊಡುತ್ತೆ. ಬೆಂಗಳೂರಲ್ಲಿ ಇದನ್ನ ಹೇಳಿದ್ರೆ ಆಹಾ ಏನು ಫ್ಯಾಂಟಸಿ ಅಂತಾರೆ. ಇಲ್ಲಿ ಎಸ್ಟೇಟಲ್ಲಿ ರೈಟರ್ ಆಗಿದ್ದವರು ಕೂತಿದೀರಿ, ನೀವು ನಗ್ತಾ ಇದೀರಿ. ಚೆಕ್‌ರೋಲಲ್ಲಿ, ಅಂದ್ರೆ ಹಾಜರಿ ಪಟ್ಟೀಲಿ, ಹೆಸರಿಲ್ಲ ಅಂದ್ರೆ ಆಳು ಇಲ್ಲ, ಗಿಡದಲ್ಲಿ ಹಣ್ಣು ಕುಯ್ದಿದ್ದು ಯಾರು ಅಂತ ಯಾರೂ ಕೇಳಲ್ಲ. ಯುನೈಟೆಡ್ ಫ್ರೂಟ್ ಕಂಪನಿ ಕೊಲಂಬಿಯಾದಲ್ಲಿ ಮಾಡಿದ್ದೂ ಇದನ್ನೇ, ಮಧ್ಯೆ ಕಾಂಟ್ರಾಕ್ಟರ್ ಇಟ್ಕೊಂಡು ಇವರು ನಮ್ಮ ಕೆಲಸದವರಲ್ಲ ಅಂತ ಕಾನೂನಿಂದ ತಪ್ಪಿಸ್ಕೊಳ್ತಿದ್ರು. ಪುಸ್ತಕದಲ್ಲಿ ಅತಿ ವಿಚಿತ್ರವಾಗಿ ಕಾಣೋ ತೀರ್ಪು ಇತಿಹಾಸಕ್ಕೆ ಎಲ್ಲಕ್ಕಿಂತ ಹತ್ತಿರ ಇದೆ.

ಆಮೇಲೆ ಸ್ಟೇಷನ್ ಹತ್ರ ಜನ ಸೇರ್ತಾರೆ, ಹೆಂಗಸರು ಮಕ್ಕಳು ಸೇರಿ ಮೂರು ಸಾವಿರಕ್ಕೂ ಜಾಸ್ತಿ, ಯಾರೋ ಅಧಿಕಾರಿ ಮಾತುಕತೆಗೆ ಬರ್ತಾನೆ ಅಂತ ಕಾಯ್ತಾ. ಜಾಗ ಖಾಲಿ ಮಾಡಕ್ಕೆ ಐದು ನಿಮಿಷ ಅಂತಾನೆ ಕ್ಯಾಪ್ಟನ್. ಯಾರೂ ಕದಲಲ್ಲ. 14 ಮಷಿನ್‌ಗನ್ ಒಟ್ಟಿಗೆ ಹಾರುತ್ತೆ. ಆ ಹಿರಿಯನ ಮರಿಮಗ, ಸ್ಟ್ರೈಕಿನ ಮುಖಂಡರಲ್ಲಿ ಒಬ್ಬನಾದ ಹೊಸೆ ಅರ್ಕಾದಿಯೊ ಸೆಗುಂದೊಗೆ ಎಚ್ಚರ ಆದಾಗ ಕತ್ತಲಲ್ಲಿ ರೈಲಲ್ಲಿ ಹೆಣಗಳ ಮೇಲೆ ಮಲಗಿರ್ತಾನೆ, ಹೆಚ್ಚುಕಮ್ಮಿ ಇನ್ನೂರು ಗೂಡ್ಸ್ ಡಬ್ಬಿ, ಹಿಂದೆ ಮುಂದೆ ಮಧ್ಯೆ ಅಂತ ಮೂರು ಇಂಜಿನ್ನು, ಕೊಳೆತ ಬಾಳೆಗೊನೆ ಬಿಸಾಡೋ ಹಾಗೆ ಸಮುದ್ರಕ್ಕೆ ಸುರಿಯಕ್ಕೆ ಒಯ್ತಾ ಇದಾರೆ. ಅವನು ಹಾರ್ಕೊಂಡು ಮಳೇಲಿ ನಡೆದು ವಾಪಸ್ ಬರ್ತಾನೆ. ಒಂದು ಮನೇಲಿ ಹೆಂಗಸು ಕಾಫಿ ಕೊಡ್ತಾಳೆ. ಮೂರು ಸಾವಿರ ಇರಬೇಕು ಅಂತಾನೆ. ಏನು ಅಂತಾಳೆ. ಸತ್ತವರು ಅಂತಾನೆ. ಅವಳು ಪಾಪ ಅನ್ನೋ ಹಾಗೆ ನೋಡಿ, ಇಲ್ಲಿ ಯಾರೂ ಸತ್ತಿಲ್ಲ ಅಂತಾಳೆ. ಮುಂದಿನ ಮನೆಗಳಲ್ಲೂ ಅದೇ ಮಾತು. ಸ್ಟೇಷನ್ ಮುಂದೆ ಬಂದು ನೋಡ್ತಾನೆ, ತಿಂಡಿ ಮಾರೋರ ಗಾಡಿಗಳು ಒಂದರ ಮೇಲೊಂದು ಪೇರಿಸಿಟ್ಟಿವೆ, ರಕ್ತ ಇಲ್ಲ, ಚಪ್ಪಲಿ ಇಲ್ಲ, ಏನೂ ಇಲ್ಲ.

ಈಗ ನಮ್ಮ ಪ್ರಶ್ನೆ ಕೇಳಿ. ಆದ್ಮೇಲೆ ಏನು ಉಳೀತು? ಹುಡುಗಿ ಹಾರಿದ್ದಕ್ಕೆ ಶೀಟು ಕಾಣೆಯಾಯ್ತು, ಹೂ ಸುರಿದಿದ್ದಕ್ಕೆ ಸತ್ತ ಪ್ರಾಣಿ ಇತ್ತು, ರಕ್ತ ನಡೆದಿದ್ದಕ್ಕೆ ಹೆಣ ಸಿಕ್ತು. ಮೂರು ಸಾವಿರ ಜನ ಸತ್ತಿದ್ದಕ್ಕೆ ಏನೂ ಉಳಿದಿಲ್ಲ. ಲೆಕ್ಕದ ಪ್ರಕಾರ ಇದು ನಡೆದೇ ಇಲ್ಲ ಅನ್ನಬೇಕು, ಎಷ್ಟೋ ಓದುಗರು ಇಲ್ಲಿ ತಡವರಿಸ್ತಾರೆ, ಇದು ಅವನ ಭ್ರಮೆ ಇರಬಹುದಾ ಅಂತ. ಆದ್ರೆ ಬೇರೆ ಕಡೆ ಉಳಿಕೆ ತಾನಾಗೇ ಬಿದ್ದಿರುತ್ತೆ, ಇಲ್ಲಿ ಮಾತ್ರ ಅದನ್ನ ತೆಗೆದು ಹಾಕಿದವರು ಇದಾರೆ, ರೈಲು ಇದೆ, ಡಬ್ಬಿ ಎಷ್ಟು ಇಂಜಿನ್ ಎಷ್ಟು ಅಂತ ಲೆಕ್ಕ ಇದೆ. ಉಳಿಕೆ ಇಲ್ಲದಿರೋದು ಬೇರೆ, ಉಳಿಕೆಯನ್ನ ಸಾಗಿಸಿದ್ದು ಬೇರೆ. ಇನ್ನೂ ಒಂದು, ಗುಂಡು ಹಾರೋವಾಗ ಕಥೆಗಾರ ಸ್ಟೇಷನ್ನಲ್ಲೇ ಇದಾನೆ, ನಮಗೆ ನೇರವಾಗಿ ತೋರಿಸಿದಾನೆ, ಸೆಗುಂದೊ ಹೇಳಿದ ಅಂತ ಹೇಳಿಲ್ಲ. ಕೆಲಸಗಾರರೆಲ್ಲ ಸಮಾಧಾನವಾಗಿ ಮನೆಗೆ ಹೋದ್ರು ಅನ್ನೋದು ಮಾತ್ರ ಸರ್ಕಾರದ ಹೇಳಿಕೆ ರೂಪದಲ್ಲೇ ಬರುತ್ತೆ. ಅನುಮಾನ ಬಂದಾಗ ಇದನ್ನ ನೋಡಿ, ಯಾವುದು ನಮ್ಮ ಕಣ್ಣೆದುರು ಆಯ್ತು, ಯಾವುದು ಯಾರದ್ದೋ ಬಾಯಿಂದ ಬಂತು.

ಮಳೆ ಶುರುವಾಗೋದೂ ಇಲ್ಲೇ. ಮಳೆ ನಿಂತ ಮೇಲೆ ಒಪ್ಪಂದಕ್ಕೆ ಸಹಿ ಹಾಕ್ತೀವಿ ಅಂತ ಕಂಪನಿಯ ಮಿಸ್ಟರ್ ಬ್ರೌನ್ ಹೇಳ್ತಾನೆ, ಆಗ ನೋಡಿದ್ರೆ ಮೂರು ತಿಂಗಳಿಂದ ಹನಿ ಬಿದ್ದಿಲ್ಲ. ಹೇಳಿದ್ದೇ ತಡ ಹಿಡ್ಕೊಳ್ಳುತ್ತೆ. ಈ ಮಳೆ ಸಂಕೇತನಾ ಅಂದ್ರೆ ಖಂಡಿತ ಹೌದು, ಊರಿನ ನೆನಪನ್ನೇ ತೊಳೆದುಹಾಕೋ ಮಳೆ. ಆದ್ರೆ ಅದು ಸಂಕೇತ ಆಗಿ ಕೆಲಸ ಮಾಡೋದು ನಿಜವಾಗ್ಲೂ ಸುರಿದಿದ್ದರಿಂದ: ದನಕರು ಸಾಯ್ತವೆ, ತೋಟ ಹಾಳಾಗುತ್ತೆ, ಕಂಪನಿ ಕಿತ್ಕೊಂಡು ಹೋಗುತ್ತೆ, ಬೆನ್ನಿಗೆ ಜಿಗಣೆ ಹತ್ತುತ್ತೆ. ಒಂದು ಕೊಲೆಯನ್ನ ಮುಚ್ಚಿಹಾಕಿದಾರೆ, ಅದನ್ನ ಅರ್ಥ ಮಾಡ್ಸಕ್ಕೆ ಬರೀ ಹೋಲಿಕೆಯ ಮಳೆ ಸಾಕಾಗ್ತಿರಲಿಲ್ಲ.

ಹೊರಗಿನ ಇತಿಹಾಸ ಸ್ವಲ್ಪ ಹೇಳಿಬಿಡ್ತೀನಿ. 1928ರ ಡಿಸೆಂಬರ್ 5ರ ರಾತ್ರಿ ಕಳೆದು 6ನೇ ತಾರೀಕು ಶುರುವಾದ ಮೇಲೆ, ಕೊಲಂಬಿಯಾದ ಸಿಯೆನಾಗಾ ಅನ್ನೋ ಊರಿನ ರೈಲ್ವೆ ಸ್ಟೇಷನ್ ಹತ್ರ ಸೈನ್ಯ ಸ್ಟ್ರೈಕಿನವರ ಮೇಲೆ ಗುಂಡು ಹಾರಿಸಿದ್ದು ನಿಜ. ಕಾರ್ಲೋಸ್ ಕೊರ್ತೆಸ್ ವರ್ಗಾಸ್ ಅಂತ ಜನರಲ್, ಅವನ ಹೆಸರನ್ನ ಮಾರ್ಕ್ವೆಜ್ ಬದಲಾಯಿಸದೇ ಹಾಗೇ ಕಾದಂಬರೀಲಿ ಇಟ್ಟಿದಾನೆ. ಸತ್ತವರು ಎಷ್ಟು ಅನ್ನೋದೇ ಜಗಳ. ಜನರಲ್ ಒಪ್ಪಿಕೊಂಡಿದ್ದು 47, ಅಮೆರಿಕದ ರಾಯಭಾರ ಕಚೇರಿ ಕಳಿಸಿದ ವರದೀಲಿ ಸಾವಿರದ ಮೇಲೆ ಅಂತ ಇತ್ತು. ಮೂರು ಸಾವಿರ ಎಲ್ಲಿಂದ ಬಂತು? ಕಾದಂಬರಿಗೆ ಅಷ್ಟು ದೊಡ್ಡ ರೈಲು ತುಂಬಬೇಕಿತ್ತು, ಅದಕ್ಕೆ ಹಾಕಿದ್ದು ಅಂತ ಮಾರ್ಕ್ವೆಜ್ ಆಮೇಲೆ ಒಪ್ಕೊಂಡಿದಾನೆ. ಅಂದ್ರೆ ಕಾದಂಬರಿ ಒಳಗೆ ಮೂರು ಸಾವಿರ ಅಕ್ಷರಶಃ ನಿಜ, ಹೊರಗೆ ಬಂದ್ರೆ ಘಟನೆ ಮಾತ್ರ ನಿಜ, ಸಂಖ್ಯೆ ಸಂಕೇತ. ತಮಾಷೆ ಏನಂದ್ರೆ, ಸುಮಾರು ವರ್ಷ ಆದ್ಮೇಲೆ ಅದರ ನೆನಪಿನ ದಿನ ಅಲ್ಲಿಯ ಸೆನೆಟ್ಟಲ್ಲಿ ಒಬ್ಬರು ಎದ್ದು ಆ ಮೂರು ಸಾವಿರ ಹುತಾತ್ಮರಿಗೆ ಒಂದು ನಿಮಿಷ ಮೌನ ಆಚರಿಸೋಣ ಅಂದ್ರಂತೆ, ಅವನೇ ಆತ್ಮಕಥೇಲಿ ಬರ್ಕೊಂಡಿದಾನೆ. ಹಾಗಾಗಿ ಈ ಕಾದಂಬರಿ ಬಗ್ಗೆ ಲೇಖನ ಬರೆಯೋರು ದಯವಿಟ್ಟು 1928ರಲ್ಲಿ ಮೂರು ಸಾವಿರ ಜನ ಸತ್ತರು ಅಂತ ಬರೀಬೇಡಿ. ಯಾರೂ ಸಾಯಲಿಲ್ಲ ಅಂತಂತೂ ಬರೀಲೇಬೇಡಿ.

ಕೊನೇದಾಗಿ ಒಂದು ಜಾಗ, ಅಲ್ಲಿ ಈ ಲೆಕ್ಕ ಕೈಕೊಡುತ್ತೆ. ಸ್ಟ್ರೈಕಿನ ಮುಖಂಡರನ್ನ ಹುಡುಕ್ತಾ ಸೈನಿಕರು ಬುಯೆಂದಿಯಾ ಮನೆಗೆ ನುಗ್ತಾರೆ. ಸೆಗುಂದೊ, ಹಿಂದೆ ಆ ಮನೇಲಿದ್ದ ಜಿಪ್ಸಿ ಮೆಲ್ಕಿಯಾದೆಸ್‌ನ ಹಳೇ ಕೋಣೇಲಿ ಮಂಚದ ಮೇಲೆ ಕೂತಿದಾನೆ. ಆಫೀಸರ್ ಬಾಗಿಲು ತೆಗೆಸಿ ಲಾಟೀನು ಹಿಡಿದು ನೋಡ್ತಾನೆ, ಸೆಗುಂದೊ ಕೂತಿರೋ ಜಾಗಕ್ಕೇ ಕಣ್ಣು ಹೋಗುತ್ತೆ, ಮನೆಯವರಿಗೆ ಅವನು ಕಾಣ್ತಾ ಇದಾನೆ, ಆಫೀಸರಿಗೆ ಕಾಣಲ್ಲ. ಈ ಕೋಣೇಲಿ ನೂರು ವರ್ಷದಿಂದ ಯಾರೂ ಇದ್ದಿಲ್ಲ, ಹಾವು ಇದ್ರೂ ಇರಬಹುದು ಅಂತ ಹೇಳಿ ಹೋಗ್ತಾನೆ. ಮನೆಯವರಿಗೆ ಅದೇ ಕೋಣೆ ಶುಭ್ರವಾಗಿ ಕಾಣುತ್ತೆ, ಅವನಿಗೆ ಬರೀ ಧೂಳು, ಜೇಡರ ಬಲೆ. ಯಾವುದು ಅಕ್ಷರಶಃ? ಉಳಿಕೆ ನೋಡೋಣ ಅಂದ್ರೆ ಉಳಿಕೆಯೇ ಇಬ್ಬರಿಗೆ ಎರಡು ಥರ ಕಾಣ್ತಿದೆ. ಯಾರ ಬಾಯಿಂದ ಬಂತು ಅಂತ ನೋಡಿದ್ರೆ ಎರಡೂ ನಮ್ಮ ಕಣ್ಣೆದುರೇ ಆಗ್ತಿದೆ. ಸೆಗುಂದೊ ತಾನೇ ಒಂದು ವಿವರಣೆ ಮಾಡ್ಕೊಳ್ತಾನೆ, ಈ ಆಫೀಸರ್ ನನ್ನನ್ನ ನೋಡಿದ ಕಣ್ಣು ಆ ಹಿರಿಯನ ಇನ್ನೊಬ್ಬ ಮಗ ಕರ್ನಲ್ ಅವ್ರೆಲಿಯಾನೊ ಕಣ್ಣಿನ ಥರದ್ದೇ, ಅಂದ್ರೆ ಯುದ್ಧದ ಮನುಷ್ಯರದು ಅಂತ, ಯಾಕಂದ್ರೆ ಕರ್ನಲ್‌ಗೂ ಆ ಕೋಣೇಲಿ ಹಿಂದೆ ಕಸವೇ ಕಂಡಿತ್ತು. ನಾನು ಇದನ್ನ ಎರಡೂ ಅಂತಲೇ ಓದ್ತೀನಿ, ಆ ಕೋಣೆಯಲ್ಲಿ ಯಾರಿಗೆ ಏನು ಕಾಣುತ್ತೆ ಅನ್ನೋದೇ ಅಲ್ಲಿ ನಡೆಯೋ ಘಟನೆ. ಒಂದು ವಿಷಯ ಮಾತ್ರ ಖಚಿತ, ಆಫೀಸರ್ ಹೋದ ಮೇಲೂ ಸೆಗುಂದೊ ಜೀವಂತ ಇದಾನೆ, ವರ್ಷಗಟ್ಟಲೆ ಅದೇ ಕೋಣೇಲಿ ಕೂತು, ಮನೆಯ ಹುಡುಗ ಅವ್ರೆಲಿಯಾನೊಗೆ ಸ್ಟೇಷನ್ನಲ್ಲಿ ಏನಾಯ್ತು ಅಂತ ಹೇಳ್ತಾನೆ. ಆ ಹುಡುಗ ದೊಡ್ಡವನಾಗಿ ಅದನ್ನ ಹೊರಗೆ ಹೇಳಿದ್ರೆ, ಬಾಳೆ ಕಂಪನಿ ಅಂತ ಒಂದು ಇರಲೇ ಇಲ್ಲ ಅಂತ ಶಾಲೆ ಪುಸ್ತಕದಲ್ಲೇ ಬರೆದಾಗಿರುತ್ತೆ.

ಯಾರಿಗಾದ್ರೂ ಆ ಕೋಣೆ ಬಗ್ಗೆ ಬೇರೆ ಓದು ಇದ್ರೆ ಹೇಳಿ, ಚಹಾ ಬರೋವರೆಗೂ ಟೈಮ್ ಇದೆ.